ನರಿಯಿಲ್ಲದ ‘ನರಿ ಉದೊನ್’: ಮೆನು ಫೋಟೊದಲ್ಲಿ ಯಾವ ಹೆಸರನ್ನು ಹಾಗೇ ಉಳಿಸಬೇಕು?

ಪ್ರಶ್ನೆ: ಒಸಾಕಾದ ಒಂದು ಸಣ್ಣ ಊಟದಂಗಡಿಯ ಮೆನು ಫೋಟೊಗಳನ್ನು ಕನ್ನಡಕ್ಕೆ ತರುವ ಕೆಲಸ ಸಿಕ್ಕಿದೆ. ಜಪಾನಿ ಸುಮಾರಾಗಿ ಓದಬಲ್ಲೆ. ‘ಕಿತ್ಸುನೆ ಉದೊನ್’ ಎಂಬ ನೂಡಲ್ಸ್ ತಿನಿಸಿಗೆ ‘ನರಿ ಉದೊನ್’, ‘ಒಯಕೊದೊನ್’ಗೆ ‘ತಾಯಿ-ಮಗು ಅನ್ನ’ ಎಂದೆಲ್ಲ ಅನುವಾದಿಸಿ ಕೊಟ್ಟಿದ್ದೆ. ನೋಡಿದವರು ‘ಎಲ್ಲವನ್ನೂ ಉಚ್ಚಾರಣೆಯಂತೆ ಬರೆಯಿರಿ’ ಎಂದು ವಾಪಸ್ ಕಳಿಸಿದರು. ಎಲ್ಲವನ್ನೂ ಹಾಗೇ ಬರೆದರೆ ಓದಿದವರಿಗೆ ಏನು ಅರ್ಥವಾಗುತ್ತದೆ? ಎಲ್ಲಿ ಅನುವಾದ ಮಾಡಬೇಕು, ಎಲ್ಲಿ ಬೇಡ, ವಿವರಣೆ ಎಷ್ಟುದ್ದ ಇರಬೇಕು?

ಉತ್ತರ: ತಿನಿಸಿನ ಹೆಸರುಗಳ ಮಟ್ಟಿಗೆ ನಿಮ್ಮ ಪರಿಶೀಲಕರು ಹೇಳಿದ್ದು ಸರಿ. ‘ಎಲ್ಲವನ್ನೂ’ ಎಂದದ್ದು ಮಾತ್ರ ಸರಿಯಲ್ಲ.

ಮೆನುವಿನ ಒಂದು ಸಾಲು ಎರಡು ಕೆಲಸ ಮಾಡಬೇಕು. ಗಿರಾಕಿ ಅದನ್ನು ಓದಿ ತನಗೆ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕು, ಆಮೇಲೆ ಅದನ್ನೇ ಬಾಯಿಬಿಟ್ಟು ಕೇಳಬೇಕು. ‘ಕಿತ್ಸುನೆ ಉದೊನ್’ ಎಂದರೆ ಅಂಗಡಿಯವರು ತಕ್ಷಣ ಅಡುಗೆಮನೆಗೆ ಕೂಗುತ್ತಾರೆ. ‘ನರಿ ಉದೊನ್’ ಎಂದರೆ ಅವರಿಗೂ ತಿಳಿಯುವುದಿಲ್ಲ, ಓದಿದವನಿಗೂ ಬಟ್ಟಲಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಕೇಳುವ ಕೆಲಸವನ್ನು ಲಿಪ್ಯಂತರಕ್ಕೆ ಬಿಡಿ, ಆರಿಸುವ ಕೆಲಸವನ್ನು ಪಕ್ಕದ ಚಿಕ್ಕ ವಿವರಣೆಗೆ ಬಿಡಿ. ಒಂದೇ ಪದದಿಂದ ಎರಡನ್ನೂ ಮಾಡಿಸಲು ಹೊರಟಾಗಲೇ ‘ತಾಯಿ-ಮಗು ಅನ್ನ’ದಂಥವು ಹುಟ್ಟುವುದು.

ಯಾವುದನ್ನು ಅನುವಾದಿಸಬಹುದು ಎಂದು ನೋಡಲು ಒಂದು ಸರಳ ಪರೀಕ್ಷೆ ಇದೆ. ನಿಮ್ಮ ಅನುವಾದವನ್ನು ಆ ತಿನಿಸು ನೋಡಿರದ ಒಬ್ಬರಿಗೆ ಓದಿ ಹೇಳಿ, ತಟ್ಟೆಯಲ್ಲಿ ಏನು ಬರುತ್ತದೆಂದು ಕೇಳಿ. ‘ಬಿಸಿ ಚಹಾ’, ‘ಅನ್ನ’, ‘ದೊಡ್ಡ ಪ್ರಮಾಣ’, ‘ತೆರಿಗೆ ಸೇರಿ’ ಇವುಗಳಿಗೆ ಸರಿಯಾದ ಉತ್ತರ ಬರುತ್ತದೆ. ಇವನ್ನು ಅನುವಾದಿಸಿ ಮುಗಿಸಿ, ಲಿಪ್ಯಂತರ ಬೇಡ. ‘ಓಮೊರಿ’ ಎಂದು ಬರೆದು ‘ದೊಡ್ಡ ಪ್ರಮಾಣ’ ಎಂದು ವಿವರಿಸುವುದು ಜಾಗ ದಂಡ. ಆದರೆ ‘ಚಂದ್ರದರ್ಶನ ಉದೊನ್’ ಎಂದರೆ ಯಾರೂ ಸರಿಯಾಗಿ ಊಹಿಸಲಾರರು. ತ್ಸುಕಿಮಿ ಎಂದರೆ ಚಂದ್ರನನ್ನು ನೋಡುವುದು ನಿಜ, ಬಟ್ಟಲಲ್ಲಿರುವುದು ಮಾತ್ರ ಒಡೆದು ಹಾಕಿದ ಹಸಿ ಮೊಟ್ಟೆ. ಹಳದಿ ಭಾಗ ಚಂದ್ರನಂತೆ ಕಾಣುತ್ತದೆಂದು ಆ ಹೆಸರು. ಇಂಥ ಹೆಸರು ಲಿಪ್ಯಂತರವಾಗಬೇಕು, ವಿವರಣೆಯಲ್ಲಿ ಮೊಟ್ಟೆ ಬರಬೇಕು, ಚಂದ್ರ ಬರಬೇಕಾಗಿಲ್ಲ.

ಇವೆರಡರ ನಡುವೆ ಅರ್ಧ ಅರ್ಥವಾಗುವ ಹೆಸರುಗಳಿವೆ. ‘ನಿಕು ಉದೊನ್’ನಲ್ಲಿ ನಿಕು ಎಂದರೆ ಮಾಂಸ, ‘ತೆಂದೊನ್’ನಲ್ಲಿ ತೆನ್ ಎಂದರೆ ತೆಂಪುರ, ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಇವನ್ನು ‘ಮಾಂಸ ಉದೊನ್’ ಎಂದು ಅರ್ಧ ತಿರುಗಿಸುವ ಆಸೆ ಸಹಜ. ಹಾಗೆ ಮಾಡಬೇಡಿ. ಅರ್ಧ ಕನ್ನಡ, ಅರ್ಧ ಜಪಾನಿಯ ಹೆಸರು ಅಂಗಡಿಯವರ ಕಿವಿಗೂ ಸಿಗುವುದಿಲ್ಲ, ಪೂರ್ತಿ ವಿವರಣೆಯೂ ಆಗುವುದಿಲ್ಲ. ಹೆಸರು ಇಡಿಯಾಗಿ ಲಿಪ್ಯಂತರವಾಗಲಿ, ವಿವರಣೆ ಇಡಿಯಾಗಿ ಕನ್ನಡದಲ್ಲಿರಲಿ.

ಹೊರಗಿನ ಭಾಷೆಗಳಿಂದ ಬಂದ ಪದಗಳಿಗೆ ಬಳಸುವ ಕತಕನ ಲಿಪಿಯಲ್ಲಿರುವ ಸಾಲುಗಳ ಬಗ್ಗೆ ಒಂದು ಎಚ್ಚರಿಕೆ. ಅವು ಇಂಗ್ಲಿಷಿನಂತೆ ಕೇಳಿಸುವುದರಿಂದ ಕೈ ತಾನಾಗಿ ಇಂಗ್ಲಿಷ್ ಪದ ಬರೆದುಬಿಡುತ್ತದೆ. ‘ಹಂಬಾಗು’ ಎಂದರೆ ಬರ್ಗರ್ ಅಲ್ಲ. ಬನ್ ಇಲ್ಲದೆ, ಸಾಸ್ ಹಾಕಿ ತಟ್ಟೆಯಲ್ಲಿ ಕೊಡುವ ಕೊಚ್ಚಿದ ಮಾಂಸದ ದಪ್ಪ ಬಿಲ್ಲೆ. ಬನ್ ಇರುವುದು ‘ಹಂಬಾಗಾ’. ಕೊನೆಯ ಒಂದು ಅಕ್ಷರದಲ್ಲಿ ತಟ್ಟೆಯೇ ಬದಲಾಗುತ್ತದೆ. ‘ಸೈದಾ’ ಎಂಬುದು ಸೇಬಿನ ಮದ್ಯವಲ್ಲ, ಬಣ್ಣವಿಲ್ಲದ ಸಿಹಿ ಸೋಡಾ. ‘ಫುರೈದೊ ಪೊತೆತೊ’ ಮಾತ್ರ ನಿಜಕ್ಕೂ ಫ್ರೆಂಚ್ ಫ್ರೈಸ್, ಅದನ್ನು ಹಾಗೆಯೇ ಬರೆಯಿರಿ. ಪರೀಕ್ಷೆ ಇಲ್ಲಿಯೂ ಅದೇ: ನೀವು ಬರೆದ ಪದ ಓದಿದವನು ನಿರೀಕ್ಷಿಸುವುದೂ ತಟ್ಟೆಯಲ್ಲಿ ಬರುವುದೂ ಒಂದೇ ಆಗಿದ್ದರೆ ಲಿಪ್ಯಂತರದ ಅಗತ್ಯವಿಲ್ಲ.

ಇನ್ನು ಲಿಪ್ಯಂತರ. ಇಲ್ಲಿ ಹೆಚ್ಚಿನ ತಪ್ಪುಗಳು ರೋಮನ್ ಅಕ್ಷರದ ಮೂಲಕ ಹಾದುಬರುವುದರಿಂದ ಆಗುತ್ತವೆ. ರೋಮನ್‌ನಲ್ಲಿ ಬರೆದ ‘ಕಕೆ ಉದೊನ್’ ಅನ್ನು ಇಂಗ್ಲಿಷಿನಂತೆ ಓದಿ ‘ಕೇಕ್ ಉಡಾನ್’ ಎಂದು ಬರೆದುಬಿಡುವುದು ತೀರಾ ಸುಲಭ. ಕಕೆ ಎಂದರೆ ಮೇಲೆ ಬಿಸಿ ಸಾರು ಸುರಿದದ್ದು ಅಷ್ಟೇ. ಆದ್ದರಿಂದ ಜಪಾನಿ ಅಕ್ಷರದಿಂದ ನೇರ ಕನ್ನಡಕ್ಕೆ ಬನ್ನಿ, ನಡುವೆ ರೋಮನ್ ಬೇಡ. ಕನ್ನಡ ಲಿಪಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ಜಪಾನಿಯಲ್ಲಿ ಹ್ರಸ್ವ-ದೀರ್ಘ ಭೇದ ಅರ್ಥವನ್ನೇ ಬದಲಿಸುತ್ತದೆ, ನಮ್ಮಲ್ಲಿ ಎ-ಏ, ಒ-ಓ ಎರಡೂ ಇವೆ. ಹಾಗಾಗಿ ಸೊಬ ಎಂಬ ಬಕ್‌ವೀಟ್ ನೂಡಲ್ಸ್ ಹೆಸರಿಗೆ ‘ಸೋಬಾ’ ಎಂದು ದೀರ್ಘ ಹಾಕಬೇಡಿ, ಎರಡೂ ಹ್ರಸ್ವ. ಗ್ಯೂದೊನ್‌ನಲ್ಲಿ ಗ್ಯೂ ದೀರ್ಘ. ಒತ್ತಿ ಹೇಳುವ ವ್ಯಂಜನಕ್ಕೆ ನಮ್ಮ ಒತ್ತಕ್ಷರವಿದೆ: ‘ಕೊರೊಕ್ಕೆ’. ತ ಮತ್ತು ದ ಜಪಾನಿಯ ಉಚ್ಚಾರಣೆಗೆ ಟ, ಡಗಳಿಗಿಂತ ಹತ್ತಿರ.

ಜಪಾನಿಯ ‘ನ್’ ಅಕ್ಷರ ನಮ್ಮ ಅನುಸ್ವಾರದ ಹಾಗೆಯೇ ಮುಂದಿನ ವ್ಯಂಜನಕ್ಕೆ ತಕ್ಕಂತೆ ಬದಲಾಗುತ್ತದೆ. ಪ, ಬಗಳ ಮುಂದೆ ಅದು ಮ್ ಆಗುತ್ತದೆ. ಆದ್ದರಿಂದ ಪದದ ನಡುವೆ ಸೊನ್ನೆ ಹಾಕಿದರೆ ಸಾಕು, ಉಚ್ಚಾರಣೆ ತಾನೇ ಸರಿಯಾಗುತ್ತದೆ: ದೊಂಬುರಿ, ತೆಂಪುರ, ತನಿಂದೊನ್. ಪದದ ಕೊನೆಯಲ್ಲಿ ಮಾತ್ರ ‘ನ್’ ಎಂದು ಬರೆಯಿರಿ. ಆ ಕೊನೆಯ ‘ನ್’ಗೆ ಕನ್ನಡದ ಪ್ರತ್ಯಯ ಅಂಟಿಸುವಾಗ ನಡುವೆ U+200C ಎಂಬ, ಕಣ್ಣಿಗೆ ಕಾಣದೆ ಅಕ್ಷರಗಳು ಕೂಡದಂತೆ ತಡೆಯುವ ಗುರುತನ್ನು ಹಾಕದಿದ್ದರೆ ‘ಉದೊನ್‌ಗೆ’ ಎಂಬುದು ‘ಉದೊನ್ಗೆ’ ಆಗಿ ಒತ್ತಕ್ಷರವಾಗಿಬಿಡುತ್ತದೆ. ಪರದೆಯ ಮೇಲೆ ಓದುವವರು ಎಡವುವುದು ಅಲ್ಲೇ. ಕನ್ನಡದಲ್ಲಿ ಈಗಾಗಲೇ ನೆಲೆನಿಂತ ರೂಪಗಳಿದ್ದರೆ ಅವನ್ನು ಕೆದಕಬೇಡಿ. ‘ಟೋಫು’ ಎಂದು ಎಲ್ಲರೂ ಬರೆಯುತ್ತಾರೆ, ನೀವೊಬ್ಬರೇ ‘ತೋಫು’ ಎಂದು ಹಟ ಹಿಡಿದು ಪ್ರಯೋಜನವಿಲ್ಲ. ಆದರೆ ಒಂದು ಮೆನುವಿನೊಳಗೆ ಒಂದು ಪದಕ್ಕೆ ಒಂದೇ ರೂಪ ಇರಬೇಕು.

ವಿವರಣೆಯ ಉದ್ದ ಕೇಳಿದ್ದೀರಿ. ಐದರಿಂದ ಒಂಬತ್ತು ಪದ ಸಾಕು. ಅದಕ್ಕಿಂತ ಬೆಳೆದರೆ ಮೆನು ಪಾಕಪುಸ್ತಕವಾಗುತ್ತದೆ, ಫೋಟೊದ ಮೇಲೆ ಕೂರಿಸಲೂ ಜಾಗ ಸಾಲದು. ಕ್ರಮ ಹೀಗಿರಲಿ: ಮುಖ್ಯ ಪದಾರ್ಥ, ಅದನ್ನು ಬೇಯಿಸಿದ ಬಗೆ, ಅದು ಯಾವುದರ ಮೇಲೆ ಅಥವಾ ಯಾವುದರ ಜೊತೆ ಬರುತ್ತದೆ. ಹೆಸರಿನ ಹಿಂದಿನ ಕಥೆ ಇಲ್ಲಿ ಬೇಡ. ಕಿತ್ಸುನೆ ಎಂದರೆ ನರಿ, ಕರಿದ ಟೋಫು ನರಿಗೆ ಇಷ್ಟ ಎಂಬ ನಂಬಿಕೆಯಿಂದ ಆ ಹೆಸರು ಬಂತು ಎಂಬುದು ಓದಲು ಚೆನ್ನ. ಹಸಿದವನಿಗೆ ಬೇಕಾದದ್ದು ಆ ಟೋಫು ಸಿಹಿಯಾಗಿರುತ್ತದೆ ಎಂಬ ಸಂಗತಿ. ಕೆಲಸ ಕೊಟ್ಟವರು ಬಯಸಿದರೆ ಕಥೆಗಳನ್ನು ಕೊನೆಯ ಪುಟದಲ್ಲಿ ಒಟ್ಟಿಗೆ ಕೊಡಿ.

ವಿವರಣೆ ಚಿಕ್ಕದಾಗಿಸಲು ಒಳ್ಳೆಯ ಉಪಾಯ, ಪದೇ ಪದೇ ಬರುವ ಭಾಗವನ್ನು ವಿಭಾಗದ ತಲೆಬರಹದಲ್ಲಿ ಒಮ್ಮೆ ವಿವರಿಸಿಬಿಡುವುದು. ‘ದೊಂಬುರಿ: ಬಟ್ಟಲಲ್ಲಿ ಬಿಸಿ ಅನ್ನ, ಮೇಲೆ ಪದಾರ್ಥ’ ಎಂದು ತಲೆಬರಹದಲ್ಲಿದ್ದರೆ ಅದರ ಕೆಳಗಿನ ‘ದೊನ್’ಗಳಲ್ಲಿ ಅನ್ನದ ಮಾತು ಮತ್ತೆ ಎತ್ತಬೇಕಾಗಿಲ್ಲ. ಹಾಗೆಯೇ ಫೋಟೊದಲ್ಲಿ ತಿನಿಸಿನ ಚಿತ್ರವೂ ಇದ್ದರೆ, ಕಣ್ಣಿಗೆ ಕಾಣುವುದನ್ನು ಬಿಟ್ಟು ಕಾಣದ್ದನ್ನು ಹೇಳಿ. ಮೇಲೆ ಈರುಳ್ಳಿ ಸೊಪ್ಪು ಉದುರಿಸಿದ್ದು ಚಿತ್ರದಲ್ಲೇ ಇದೆ. ಸಾರು ಯಾವುದರದು, ಒಳಗಿನ ಹೂರಣ ಏನು, ಮೊಟ್ಟೆ ಬೆಂದಿದೆಯೇ ಇಲ್ಲವೇ ಎಂಬುದು ಚಿತ್ರದಲ್ಲಿ ಸಿಗುವುದಿಲ್ಲ.

ನಮ್ಮ ತಿನಿಸಿನ ಹೆಸರು ಇಟ್ಟು ವಿವರಿಸುವ ಚಾಳಿಯನ್ನೂ ಬಿಡಬೇಕು. ತೆಂಪುರಕ್ಕೆ ‘ಬಜ್ಜಿ’ ಎಂದರೆ ಓದುಗ ಕಡಲೆಹಿಟ್ಟು ಎಂದುಕೊಳ್ಳುತ್ತಾನೆ. ಅದು ಗೋಧಿಹಿಟ್ಟಿನದು, ಎಷ್ಟೋ ಕಡೆ ಹಿಟ್ಟಿಗೆ ಮೊಟ್ಟೆಯೂ ಬೀಳುತ್ತದೆ. ‘ತೆಳು ಗೋಧಿಹಿಟ್ಟಿನಲ್ಲಿ ಅದ್ದಿ ಕರಿದ ಸೀಗಡಿ’ ಎಂದರೆ ನಾಲ್ಕು ಪದ ಹೆಚ್ಚಾದರೂ ಯಾರಿಗೂ ಮೋಸವಿಲ್ಲ.

ಈಗ ನಿಮ್ಮ ಒಸಾಕಾ ಅಂಗಡಿಗೆ ಬರೋಣ. ಊರು ಯಾವುದು ಎಂಬುದು ಇಲ್ಲಿ ದೊಡ್ಡ ವಿಷಯ. ನೀವು ಹೇಳದಿದ್ದರೆ ನಾನೇ ಕೇಳುತ್ತಿದ್ದೆ. ಆ ಮೆನುವಿನಲ್ಲಿ ‘ತನುಕಿ’ ಎಂಬ ಸಾಲು ಇರುವ ಸಾಧ್ಯತೆ ಇದೆ. ತನುಕಿ ಎಂಬುದು ನಾಯಿಯ ಕುಟುಂಬಕ್ಕೆ ಸೇರಿದ ಒಂದು ಕಾಡುಪ್ರಾಣಿ. ತೋಕಿಯೊ ಕಡೆಯ ಅಂಗಡಿಗಳಲ್ಲಿ ತನುಕಿ ಎಂದರೆ ತೆಂಪುರ ಕರಿಯುವಾಗ ಎಣ್ಣೆಯಲ್ಲಿ ಉದುರುವ ಗರಿಗರಿ ಹಿಟ್ಟಿನ ಚೂರುಗಳನ್ನು ಉದೊನ್ ಅಥವಾ ಸೊಬದ ಮೇಲೆ ಹಾಕಿದ್ದು. ಒಸಾಕಾದಲ್ಲಿ ಅದೇ ಹೆಸರು ಬೇರೆ ಬಟ್ಟಲು: ಸಿಹಿಯಾಗಿ ಬೇಯಿಸಿದ ಕರಿದ ಟೋಫು ಹಾಕಿದ ಸೊಬ. ಅಲ್ಲಿ ಕಿತ್ಸುನೆ ಎಂದರೆ ಉದೊನ್, ತನುಕಿ ಎಂದರೆ ಸೊಬ, ಮೇಲಿರುವ ಟೋಫು ಎರಡಕ್ಕೂ ಒಂದೇ. ಕ್ಯೋತೋಗೆ ಹೋದರೆ ಮತ್ತೊಂದು: ಕತ್ತರಿಸಿದ ಕರಿದ ಟೋಫು, ಪಿಷ್ಟ ಹಾಕಿ ಗಟ್ಟಿ ಮಾಡಿದ ಸಾರು. ಹಿಟ್ಟಿನ ಚೂರು ಹಾಕಿದ ಉದೊನ್‌ಗೆ ಒಸಾಕಾ ಕಡೆ ‘ಹೈಕರ’ ಎಂಬ ಹೆಸರಿದೆ.

ಇದು ಯಾಕೆ ಮುಖ್ಯ ಎಂದರೆ, ನಿಘಂಟು ನೋಡಿ ವಿವರಣೆ ಬರೆಯುವವರು ಹೆಚ್ಚಾಗಿ ತೋಕಿಯೊ ಅರ್ಥವನ್ನೇ ಎತ್ತಿ ಹಾಕುತ್ತಾರೆ. ಲಿಪ್ಯಂತರ ‘ತನುಕಿ’ ಎಂದೇ ಇರುತ್ತದೆ, ಅದು ತಪ್ಪಲು ಸಾಧ್ಯವಿಲ್ಲ. ತಪ್ಪುವುದು ವಿವರಣೆ, ಅದರಿಂದ ಉದೊನ್ ಬಯಸಿದವನ ಮುಂದೆ ಸೊಬ ಬಂದು ಕೂರುತ್ತದೆ. ಸೊಬಕ್ಕೆ ಬಕ್‌ವೀಟ್ ಹಿಟ್ಟು ಬಳಸುತ್ತಾರೆ, ಕೆಲವರಿಗೆ ಅದರ ಅಲರ್ಜಿ ತೀವ್ರವಾಗಿಯೇ ಆಗುತ್ತದೆ. ಜಪಾನಿನಲ್ಲಿ ಪ್ಯಾಕ್ ಮಾಡಿದ ಆಹಾರದ ಮೇಲೆ ಬಕ್‌ವೀಟ್ ಇದೆ ಎಂದು ಮುದ್ರಿಸುವುದು ಕಡ್ಡಾಯ, ಊಟದಂಗಡಿಯ ಮೆನುವಿಗೆ ಆ ಕಡ್ಡಾಯವಿಲ್ಲ. ಅಂದರೆ ಫೋಟೊದಲ್ಲಿ ಅದು ಬರೆದಿರಲಿಕ್ಕಿಲ್ಲ, ನಿಮ್ಮ ವಿವರಣೆಯಲ್ಲಿ ಬರದಿದ್ದರೆ ಎಲ್ಲಿಯೂ ಬರುವುದಿಲ್ಲ.

‘ನಿಕು’ ಕೂಡ ಊರಿನ ಮೇಲೆ ಹೋಗುತ್ತದೆ. ಪದದ ಅರ್ಥ ಬರೀ ಮಾಂಸ. ಒಸಾಕಾ ಸೀಮೆಯಲ್ಲಿ ಬರೀ ನಿಕು ಎಂದರೆ ದನದ ಮಾಂಸ ಎಂಬುದು ರೂಢಿ, ಪೂರ್ವ ಜಪಾನಿನಲ್ಲಿ ಹಂದಿಯೂ ಆಗಬಹುದು. ದನ, ಹಂದಿ ಎರಡರಲ್ಲಿ ಯಾವುದು ಎಂಬುದು ಓದುವವರಲ್ಲಿ ಹಲವರಿಗೆ ರುಚಿಯ ವಿಷಯವಲ್ಲ. ‘ತನಿಂದೊನ್’ಗೂ ಇದೇ ಮಾತು. ಒಯಕೊದೊನ್‌ನಲ್ಲಿ ಕೋಳಿ ಮತ್ತು ಮೊಟ್ಟೆ, ಹಾಗಾಗಿ ‘ಹೆತ್ತವರು-ಮಗು’. ಕೋಳಿಯ ಬದಲು ದನ ಅಥವಾ ಹಂದಿ ಬಂದರೆ ಮೊಟ್ಟೆಗೂ ಅದಕ್ಕೂ ನಂಟಿಲ್ಲ, ಹಾಗಾಗಿ ‘ತನಿನ್’, ಎಂದರೆ ಪರರು. ಜಾಣ ಹೆಸರೇ, ಆದರೆ ಯಾವ ಮಾಂಸ ಎಂಬುದನ್ನು ಹೆಸರು ಹೇಳುವುದಿಲ್ಲ. ಇಲ್ಲಿ ರೂಢಿಯನ್ನು ‘ಸಾಮಾನ್ಯವಾಗಿ’ ಎಂಬ ಪದದೊಂದಿಗೆ ಬರೆದು, ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆಯಾಗಿ ಗುರುತು ಮಾಡಿಟ್ಟುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ತಪ್ಪಿಹೋಗುವುದು ದಶಿ. ಉದೊನ್ ಮತ್ತು ಸೊಬದ ಸಾರಿಗೆ, ದೊನ್ ಬೇಯಿಸುವ ರಸಕ್ಕೆ, ಮಿಸೊ ಸೂಪಿಗೆ ಎಲ್ಲಕ್ಕೂ ಬುನಾದಿ ಈ ದಶಿ. ಅದನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿ ಮತ್ತು ಒಣಗಿಸಿ ಹೊಗೆಯಾಡಿಸಿದ ಮೀನಿನ ತೆಳು ಚೂರುಗಳಿಂದ ತೆಗೆಯುತ್ತಾರೆ. ಕಿತ್ಸುನೆ ಉದೊನ್ ಫೋಟೊದಲ್ಲಿ ಕಾಣುವುದು ಟೋಫು, ನೂಡಲ್ಸ್, ಈರುಳ್ಳಿ ಸೊಪ್ಪು. ನೋಡಿದವರು ಸಸ್ಯಾಹಾರ ಎಂದೇ ಹೇಳುತ್ತಾರೆ. ಅದರ ಸಾರಿನಲ್ಲಿ ಮೀನು, ಟೋಫುವನ್ನು ಬೇಯಿಸಿದ ಸಿಹಿ ರಸದಲ್ಲಿಯೂ ಬಹುಪಾಲು ಮೀನು. ಆದ್ದರಿಂದ ಸಾರಿನ ತಿನಿಸಿನ ವಿಭಾಗದ ತಲೆಬರಹದಲ್ಲಿಯೇ ‘ಸಾರು ಸಾಮಾನ್ಯವಾಗಿ ಮೀನಿನದು’ ಎಂದು ಹಾಕಿ. ಅಂಗಡಿಯವರೇ ಬರೆದುಕೊಡದೆ ಯಾವ ಸಾಲಿಗೂ ‘ಸಸ್ಯಾಹಾರಿ’ ಎಂಬ ಪದ ಬಳಸಬೇಡಿ.

ಫೋಟೊ ಓದುವಾಗಿನ ಒಂದು ತೊಡಕನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ಓದಿದ ಹೆಸರಿಗೆ ಎಷ್ಟು ಒಳ್ಳೆಯ ವಿವರಣೆ ಬರೆದರೂ ದಂಡ. ಸೊಬ ಪಟ್ಟಿಯಲ್ಲಿ ‘ತೆಂಮೊರಿ’ ಮತ್ತು ‘ಓಮೊರಿ’ ಎರಡೂ ಇರುತ್ತವೆ. ಮೊದಲನೆಯದು ತಣ್ಣನೆ ಸೊಬ ಜೊತೆಗೆ ತೆಂಪುರ, ಎರಡನೆಯದು ಬರೀ ದೊಡ್ಡ ಪ್ರಮಾಣ. ಎರಡರಲ್ಲೂ ಮೊದಲ ಚಿತ್ರಾಕ್ಷರ ಹೆಚ್ಚು ಕಡಿಮೆ ಒಂದೇ ಆಕಾರ, ತೆನ್‌ಗೆ ಮೇಲೆ ಒಂದು ಅಡ್ಡಗೆರೆ ಜಾಸ್ತಿ. ಗೋಡೆಗೆ ಅಂಟಿಸಿದ ಪಟ್ಟಿಯ ಮೇಲೆ ದೀಪದ ಹೊಳಪು ಬಿದ್ದು ಆ ಗೆರೆ ಅಳಿಸಿದಂತಾದರೆ ತೆಂಪುರವೇ ಮಾಯವಾಗುತ್ತದೆ. ಬೆಲೆ ನೋಡಿ: ದೊಡ್ಡ ಪ್ರಮಾಣಕ್ಕೆ ಮಾಮೂಲಿಗಿಂತ ಸ್ವಲ್ಪವೇ ಹೆಚ್ಚು ಇರುತ್ತದೆ, ತೆಂಪುರ ಸೇರಿದ್ದಕ್ಕೆ ಎದ್ದು ಕಾಣುವಷ್ಟು ಹೆಚ್ಚು. ಲಂಬವಾಗಿ ಬರೆದ ಪಟ್ಟಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಬೆಲೆ ಚಿತ್ರಾಕ್ಷರದಲ್ಲಿದ್ದರೆ ಅಂಕಿಗೆ ತಿರುಗಿಸಬೇಕು. ಮಸುಕಾದ ಫೋಟೊದಲ್ಲಿ ‘ಬ’ ಮತ್ತು ‘ಪ’ಗಳನ್ನು ಬೇರ್ಪಡಿಸುವ ಚುಕ್ಕಿ-ಸೊನ್ನೆಗಳೂ ಹಾರಿಹೋಗುತ್ತವೆ. ಅನುಮಾನ ಬಂದರೆ ಅದೇ ಪದ ಮೆನುವಿನಲ್ಲಿ ಬೇರೆ ಕಡೆ ಇದೆಯೇ ನೋಡಿ.

ಅಕ್ಷರ ಸ್ಪಷ್ಟವಾಗಿದ್ದರೂ ಅರ್ಥ ಎರಡಾಗುವ ಪದಗಳಿವೆ. ‘ಸಕೆ’ ಎಂದರೆ ಅಕ್ಕಿಯ ಮದ್ಯವೂ ಹೌದು, ಸಾಲ್ಮನ್ ಮೀನೂ ಹೌದು. ಚಿತ್ರಾಕ್ಷರಗಳು ಬೇರೆ, ಕನ್ನಡದಲ್ಲಿ ಬರೆದಾಗ ಒಂದೇ ಆಗುತ್ತವೆ. ‘ಸಕೆ ಚಜುಕೆ’ ಮದ್ಯ ಹಾಕಿದ ಅನ್ನವಲ್ಲ, ಸಾಲ್ಮನ್ ಇಟ್ಟು ಬಿಸಿ ಚಹಾ ಅಥವಾ ದಶಿ ಸುರಿದ ಅನ್ನ. ‘ಕಕಿ’ ಎಂದರೆ ಒಂದು ಹಣ್ಣೂ ಹೌದು, ಸಿಂಪಿಯೂ ಹೌದು. ‘ಕಕಿ ಫುರೈ’ಯಲ್ಲಿರುವುದು ಬ್ರೆಡ್ ಪುಡಿ ಹಚ್ಚಿ ಕರಿದ ಸಿಂಪಿ. ಬರೀ ಲಿಪ್ಯಂತರ ಮಾಡಿ ಎಂದ ನಿಮ್ಮ ಪರಿಶೀಲಕರಿಗೆ ಈ ಎರಡು ಸಾಲು ತೋರಿಸಿ, ವಿವರಣೆ ಯಾಕೆ ಬೇಕೆಂದು ಬೇರೆ ವಾದಿಸಬೇಕಾಗಿ ಬರುವುದಿಲ್ಲ.

ಇದೆಲ್ಲ ಸೇರಿದರೆ ನಿಮ್ಮ ಮೆನುವಿನ ಒಂದು ತುಂಡು ಹೀಗೆ ಕಾಣಬೇಕು:

ಉದೊನ್ ಮತ್ತು ಸೊಬ – ಉದೊನ್: ದಪ್ಪ ಗೋಧಿ ನೂಡಲ್ಸ್. ಸೊಬ: ತೆಳು ಬಕ್‌ವೀಟ್ ನೂಡಲ್ಸ್. ಸಾರು ಸಾಮಾನ್ಯವಾಗಿ ಮೀನಿನದು.
ಕಿತ್ಸುನೆ ಉದೊನ್ – ಸಿಹಿಯಾಗಿ ಬೇಯಿಸಿದ ಕರಿದ ಟೋಫು, ಬಿಸಿ ಸಾರಿನಲ್ಲಿ
ತನುಕಿ – ಅದೇ ಸಿಹಿ ಟೋಫು, ಉದೊನ್ ಬದಲು ಸೊಬದ ಮೇಲೆ
ತ್ಸುಕಿಮಿ ಉದೊನ್ – ಬಿಸಿ ಸಾರಿನ ಮೇಲೆ ಒಡೆದು ಹಾಕಿದ ಹಸಿ ಮೊಟ್ಟೆ
ನಿಕು ಉದೊನ್ – ತೆಳುವಾಗಿ ಕೊಯ್ದು ಬೇಯಿಸಿದ ಮಾಂಸ, ಸಾಮಾನ್ಯವಾಗಿ ದನದ್ದು

ದೊಂಬುರಿ – ಬಟ್ಟಲಲ್ಲಿ ಬಿಸಿ ಅನ್ನ, ಮೇಲೆ ಪದಾರ್ಥ. ಬೇಯಿಸುವ ರಸ ಸಾಮಾನ್ಯವಾಗಿ ಮೀನಿನದು.
ಒಯಕೊದೊನ್ – ಸಿಹಿ-ಉಪ್ಪು ರಸದಲ್ಲಿ ಬೆಂದ ಕೋಳಿ, ಅರೆಬೆಂದ ಮೊಟ್ಟೆ
ತನಿಂದೊನ್ – ಕೋಳಿಯ ಬದಲು ಬೇರೆ ಮಾಂಸ, ಸಾಮಾನ್ಯವಾಗಿ ದನದ್ದು, ಅರೆಬೆಂದ ಮೊಟ್ಟೆ
ದೊಡ್ಡ ಪ್ರಮಾಣ – ಹೆಚ್ಚುವರಿ ಬೆಲೆ

ಕೊನೆಯ ಸಾಲಿಗೆ ಲಿಪ್ಯಂತರವಿಲ್ಲ, ತನುಕಿ ಮುಂದೆ ‘ಸೊಬ’ ಎಂದು ಸೇರಿಸಿಲ್ಲ. ಮೂಲದಲ್ಲಿ ಬರೀ ತನುಕಿ ಎಂದಿದ್ದರೆ ಹೆಸರು ಅಷ್ಟೇ ಇರಲಿ, ಸೊಬ ಎಂಬುದು ವಿವರಣೆಯಲ್ಲಿ ಬಂದಿದೆ. ಅಕ್ಷರ ಸಣ್ಣದಾಗಿ ವಿವರಣೆಯನ್ನು ಎರಡನೇ ಸಾಲಿಗೆ ಇಳಿಸಬೇಕಾದರೆ ಇಳಿಸಿ, ಆದರೆ ಹೆಸರು ಮತ್ತು ಬೆಲೆ ಮೂಲದಲ್ಲಿದ್ದ ಜಾಗದಲ್ಲೇ, ಅದೇ ಕ್ರಮದಲ್ಲಿ ಇರಬೇಕು. ಗಿರಾಕಿ ಬಾಯಲ್ಲಿ ಹೇಳಲಾಗದೆ ಬೆರಳಿಟ್ಟು ತೋರಿಸಿದಾಗ ಅಂಗಡಿಯವರು ತಮ್ಮ ಮೂಲ ಪಟ್ಟಿಯಲ್ಲಿ ಅದೇ ಸ್ಥಾನ ನೋಡುತ್ತಾರೆ.

ಫೈಲು ಕಳಿಸುವಾಗ ಅಂಗಡಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಕೊಡಿ. ನಿಮ್ಮ ವಿಷಯದಲ್ಲಿ ಅವು ಮೂರೇ: ನಿಕು ಮತ್ತು ತನಿಂದೊನ್‌ನಲ್ಲಿ ಯಾವ ಮಾಂಸ, ತನುಕಿ ನಿಜಕ್ಕೂ ಸೊಬದ ಮೇಲೆಯೇ ಬರುತ್ತದೆಯೇ, ಮೀನಿಲ್ಲದ ಬರೀ ಕೊಂಬು ಸಾರು ಮಾಡಿಕೊಡುತ್ತಾರೆಯೇ. ಉತ್ತರ ಬಂದ ಮೇಲೆ ‘ಸಾಮಾನ್ಯವಾಗಿ’ ಎಂಬ ಪದಗಳನ್ನು ತೆಗೆದು ಖಚಿತ ಮಾತು ಹಾಕಿ.